‘ಐಎ ನನ್ನ ಕೈಯಾಗ ಐತಿ’ ಎಂದಾಗ: ಅಂಕ ಮತ್ತು ಹಾಜರಿಯ ಬೆದರಿಕೆಯನ್ನು ದಾಖಲಿಸುವ ಕ್ರಮ

ಐಎ ಅಂದರೆ ಆಂತರಿಕ ಅಂಕ ಕತ್ತರಿಸುತ್ತೇನೆ, ಹಾಜರಿ ಹಾಕುವುದಿಲ್ಲ ಎಂಬ ಮಾತು ಕೇಳಿಸಿಕೊಂಡ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಸೆಮಿಸ್ಟರ್ ಮುಗಿಯುವ ತನಕ ಸುಮ್ಮನಿರುತ್ತಾರೆ, ಇಲ್ಲವೇ ಅದೇ ಸಿಟ್ಟಿನಲ್ಲಿ ಪ್ರಾಚಾರ್ಯರ ಕೋಣೆಗೆ ಹೋಗಿ ಬಾಯಿಮಾತಿನಲ್ಲಿ ಹೇಳಿ ಬರುತ್ತಾರೆ. ಮುಂದೆ ಹಾಜರಿ ಕೊರತೆಯ ಪಟ್ಟಿಯಲ್ಲಿ ಹೆಸರು ಬಂದಾಗ ಉಪನ್ಯಾಸಕರ ಬಳಿ ಸಹಿ ಮಾಡಿದ ರಿಜಿಸ್ಟರ್ ಇರುತ್ತದೆ, ವಿದ್ಯಾರ್ಥಿಯ ಬಳಿ ನೆನಪು ಮಾತ್ರ ಇರುತ್ತದೆ. ಅಲ್ಲಿಗೆ ಪ್ರಕರಣ ಮುಗಿದಂತೆಯೇ.

ಬೆದರಿಕೆಯ ಮಾತೊಂದನ್ನೇ ರುಜುವಾತುಪಡಿಸಲು ಹೋದವರು ಸಾಮಾನ್ಯವಾಗಿ ಸೋಲುತ್ತಾರೆ, ಏಕೆಂದರೆ ‘ನಾನು ಹಾಗೆ ಅಂದಿಲ್ಲ’ ಎಂಬ ಒಂದೇ ವಾಕ್ಯ ಅದಕ್ಕೆ ಉತ್ತರವಾಗುತ್ತದೆ. ಮಾತಿನ ಜೊತೆಗೆ, ಆ ಮಾತಿಗೆ ಮೊದಲು ನಿಮ್ಮ ಅಂಕ ಮತ್ತು ಹಾಜರಿ ಎಷ್ಟಿದ್ದವು, ಆಮೇಲೆ ಎಷ್ಟಾದವು ಎಂಬ ಲೆಕ್ಕವೂ ಕಾಗದದ ಮೇಲಿದ್ದರೆ ಅದೇ ಉತ್ತರ ಸಾಲುವುದಿಲ್ಲ. ಕೆಳಗಿನ ಹಂತಗಳ ಅನುಕ್ರಮ ಈ ಕಾರಣಕ್ಕಾಗಿಯೇ ಹೀಗಿದೆ: ಮೊದಲು ಅಂಕಿ, ನಂತರ ಮಾತು, ನಂತರ ಸಾಕ್ಷಿ, ಕೊನೆಗೆ ದೂರು.

ವಿವರಣೆಗಾಗಿ ಒಂದು ಕಲ್ಪಿತ ಪ್ರಕರಣವನ್ನು ಇಟ್ಟುಕೊಳ್ಳೋಣ. ರೋಣದಿಂದ ದಿನಾಲೂ ಬಸ್ಸಿನಲ್ಲಿ ಗದಗಕ್ಕೆ ಬಂದು ಬಿ.ಕಾಂ. ಓದುವ ವಿದ್ಯಾರ್ಥಿನಿ. ಒಬ್ಬ ಉಪನ್ಯಾಸಕರು ರವಿವಾರ ತಮ್ಮ ಮನೆಯಲ್ಲಿ ಹಣ ಪಡೆದು ಪಾಠ ಹೇಳುತ್ತಾರೆ ಮತ್ತು ತರಗತಿಯ ಎಲ್ಲರೂ ಬರಬೇಕೆಂದು ಅಪೇಕ್ಷಿಸುತ್ತಾರೆ. ಈಕೆ ಆಗುವುದಿಲ್ಲ ಎಂದಿದ್ದಾಳೆ.

## ಹಂತ 1: ಅದು ಎಚ್ಚರಿಕೆಯೋ, ಬೆದರಿಕೆಯೋ?

‘ಹಾಜರಿ ಶೇಕಡಾ 75ಕ್ಕಿಂತ ಕಡಿಮೆಯಾದರೆ ಪರೀಕ್ಷೆಗೆ ಕೂಡ್ರಿಸುವುದಿಲ್ಲ’ ಎಂದು ಉಪನ್ಯಾಸಕರು ಇಡೀ ತರಗತಿಗೆ ಹೇಳಿದರೆ ಅದು ಬೆದರಿಕೆಯಲ್ಲ, ನಿಯಮವನ್ನು ತಿಳಿಸಿದ್ದು. ಅಸೈನ್‌ಮೆಂಟ್ ಕೊಡದಿದ್ದವನಿಗೆ ಅದರ ಅಂಕ ಸಿಗುವುದಿಲ್ಲ ಎಂದು ಹೇಳುವುದೂ ಅಷ್ಟೇ. ಇಂಥ ಮಾತುಗಳನ್ನು ದೂರಿನಲ್ಲಿ ಸೇರಿಸಿದರೆ ಉಳಿದ ಗಟ್ಟಿ ಅಂಶಗಳೂ ಹಗುರಾಗುತ್ತವೆ.

ಅಂಕಕ್ಕೂ ಹಾಜರಿಗೂ ಸಂಬಂಧವೇ ಇಲ್ಲದ ಒಂದು ಷರತ್ತು ಸೇರಿಕೊಂಡಾಗ ಅದು ಬೆದರಿಕೆಯಾಗುತ್ತದೆ. ಟ್ಯೂಶನ್ನಿಗೆ ಬಾ, ನಾನು ಹೇಳಿದ ಗೈಡನ್ನೇ ತಗೋ, ಪಾಠ ಆಗಿಲ್ಲವೆಂದು ಪ್ರಾಚಾರ್ಯರಿಗೆ ಕೊಟ್ಟ ಅರ್ಜಿ ವಾಪಸ್ ತಗೋ, ನನ್ನ ಮನೆಯ ಕೆಲಸ ಮಾಡಿಕೊಡು, ಇವೆಲ್ಲ ಅಂಥ ಷರತ್ತುಗಳು. ಷರತ್ತನ್ನು ಬಾಯಿಬಿಟ್ಟು ಹೇಳದೆ, ನೀವು ಒಂದು ದೂರು ಕೊಟ್ಟ ಮಾರನೆಯ ದಿನದಿಂದ ನಿಮ್ಮೊಬ್ಬರ ಹಾಜರಿ ಮಾತ್ರ ಬಿದ್ದುಹೋಗತೊಡಗಿದರೆ ಅದೂ ಇದೇ ಸಾಲಿಗೆ ಸೇರುತ್ತದೆ. ಆದ್ದರಿಂದ ಮೊದಲು ಮೂರು ಪ್ರಶ್ನೆಗಳಿಗೆ ಒಂದೊಂದು ಸಾಲಿನ ಉತ್ತರ ಬರೆದುಕೊಳ್ಳಿ. ಏನು ಕೇಳಿದರು? ಕೊಡದಿದ್ದರೆ ಏನು ಮಾಡುತ್ತೇನೆ ಎಂದರು? ಹಾಗೆ ಮಾಡುವ ಅಧಿಕಾರ ಅವರ ಕೈಯಲ್ಲಿದೆಯೇ? ಎರಡನೆಯ ಪ್ರಶ್ನೆಗೆ ‘ನೋಡ್ಕೋತೀನಿ ಅಂದ್ರು’ ಎಂಬುದಷ್ಟೇ ಉತ್ತರವಾದರೆ ದೂರು ಬರೆಯಲು ಅವಸರ ಮಾಡಬೇಡಿ, ಆದರೆ ದಾಖಲೆ ಮಾತ್ರ ಅಂದಿನಿಂದಲೇ ಶುರುವಾಗಲಿ.

## ಹಂತ 2: ಬೇಕಾಗುವ ಸಾಮಗ್ರಿ

ಹೊಲಿಗೆ ಹಾಕಿದ, ಪುಟ ಕಿತ್ತರೆ ಗೊತ್ತಾಗುವಂಥ ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು, ಮೊದಲ ದಿನವೇ ಎಲ್ಲ ಪುಟಗಳಿಗೆ ಪೆನ್ನಿನಿಂದ ಸಂಖ್ಯೆ ಹಾಕಿ. ಸ್ಪೈರಲ್ ಪುಸ್ತಕ, ಬಿಡಿ ಹಾಳೆ ಬೇಡ. ಕಾಲೇಜು ಕೊಟ್ಟ ಇ-ಮೇಲ್ ಖಾತೆಯನ್ನು ಕಾಲೇಜು ಯಾವಾಗ ಬೇಕಾದರೂ ಮುಚ್ಚಬಹುದಾದ್ದರಿಂದ ನಿಮ್ಮ ಸ್ವಂತದ ಖಾತೆಯೊಂದು ಬೇಕು. ಜೊತೆಗೆ ಫೋನು, ಮತ್ತು ನಿಮ್ಮ ಕೋರ್ಸಿನ ನಿಯಮಾವಳಿಯ ಪ್ರತಿ.

ನಿಯಮಾವಳಿಯನ್ನು ಯಾರೂ ಓದುವುದಿಲ್ಲ, ಅಲ್ಲೇ ಮುಗ್ಗರಿಸುತ್ತಾರೆ. ಹುಬ್ಬಳ್ಳಿ-ಧಾರವಾಡ ಮತ್ತು ಗದಗಿನ ಪದವಿ ಕಾಲೇಜುಗಳಲ್ಲಿ ಬಹಳಷ್ಟು ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದರೆ, ಹಾವೇರಿಗೆ ಈಗ ತನ್ನದೇ ವಿಶ್ವವಿದ್ಯಾಲಯವಿದೆ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹಲವು ವಿಟಿಯು ಅಡಿಯಲ್ಲಿವೆ. ಪದವಿಗೆ ಸಾಮಾನ್ಯವಾಗಿ ಪ್ರತಿ ವಿಷಯದಲ್ಲೂ ಶೇಕಡಾ 75ರ ಹಾಜರಿ ಬೇಕಾದರೆ ವಿಟಿಯು ಕೇಳುವುದು ಶೇಕಡಾ 85. ಆಂತರಿಕ ಅಂಕಗಳನ್ನು ಯಾವ ಯಾವ ಕಿರುಪರೀಕ್ಷೆ, ಅಸೈನ್‌ಮೆಂಟ್, ಸೆಮಿನಾರುಗಳಿಗೆ ಹಂಚಬೇಕು ಎಂಬುದು ನಿಮ್ಮ ಪಠ್ಯಕ್ರಮದ ಪುಸ್ತಿಕೆಯಲ್ಲಿ ಅಚ್ಚಾಗಿರುತ್ತದೆ. ಆ ಪುಟವನ್ನು ಝೆರಾಕ್ಸ್ ಮಾಡಿಸಿ ನೋಟ್‌ಬುಕ್ಕಿನಲ್ಲಿ ಅಂಟಿಸಿ. ‘ಐಎ ಪೂರ್ತಿ ನನ್ನ ಮರ್ಜಿ’ ಎಂಬ ಮಾತು ನಿಜವೋ ಸುಳ್ಳೋ ಎಂಬುದು ಆ ಪುಟದಿಂದಲೇ ತಿಳಿಯುತ್ತದೆ.

## ಹಂತ 3: ಅಂದಿನ ಅಂಕಿಗಳನ್ನು ಹಿಡಿದಿಡುವುದು

ಈ ಹಂತವನ್ನು ಅದೇ ದಿನ ಮುಗಿಸಬೇಕು. ಬೆದರಿಕೆಯ ದಿನದಂದು ನಿಮ್ಮ ಸ್ಥಿತಿ ಏನಿತ್ತು ಎಂಬುದಕ್ಕೆ ಆಮೇಲೆ ದಾಖಲೆ ಹುಟ್ಟಿಸಲು ಆಗುವುದಿಲ್ಲ.

ಸೂಚನಾ ಫಲಕದಲ್ಲಿ ಅಂಟಿಸಿದ ಹಾಜರಿ ಪಟ್ಟಿಯ ಫೋಟೋವನ್ನು ಎರಡು ಸಲ ತೆಗೆಯಿರಿ. ಮೊದಲನೆಯದರಲ್ಲಿ ಇಡೀ ಹಾಳೆ, ಅದರ ತಲೆಬರಹ, ದಿನಾಂಕ ಮತ್ತು ಸಹಿ ಕಾಣಬೇಕು, ಎರಡನೆಯದರಲ್ಲಿ ನಿಮ್ಮ ಸಾಲು ಓದಲು ಬರಬೇಕು. ತಮ್ಮ ಸಾಲನ್ನಷ್ಟೇ ತೆಗೆದವರು ಅದು ಯಾವ ತಿಂಗಳ ಪಟ್ಟಿ ಎಂದು ತೋರಿಸಲಾಗದೆ ಕೈಚೆಲ್ಲುತ್ತಾರೆ. ಮರಳಿ ಕೊಟ್ಟ ಕಿರುಪರೀಕ್ಷೆಯ ಉತ್ತರಪತ್ರಿಕೆ, ಉಪನ್ಯಾಸಕರ ಸಹಿಯಿರುವ ಅಸೈನ್‌ಮೆಂಟಿನ ಪುಟ, ತರಗತಿಯ ಗುಂಪಿನಲ್ಲಿ ಬಂದ ಅಂಕಪಟ್ಟಿ, ಎಲ್ಲದರ ಫೋಟೋ ಬೇಕು. ರಾಜ್ಯದ ಪದವಿ ಕಾಲೇಜುಗಳು ಐಎ ಅಂಕಗಳನ್ನು UUCMS ತಂತ್ರಾಂಶದಲ್ಲಿ ತುಂಬುತ್ತವೆ. ನಿಮ್ಮ ಲಾಗಿನ್‌ನಲ್ಲಿ ಏನಾದರೂ ಕಾಣುತ್ತಿದ್ದರೆ ದಿನಾಂಕ, ವೇಳೆ ಸಹಿತ ಇಡೀ ಪರದೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಒಂದನ್ನು ಮಾತ್ರ ಮಾಡಬೇಡಿ. ಸ್ಟಾಫ್ ರೂಮಿನಲ್ಲಿ ಉಪನ್ಯಾಸಕರು ಇಲ್ಲದಾಗ ಅವರ ಹಾಜರಿ ರಿಜಿಸ್ಟರ್ ತೆರೆದು ಫೋಟೋ ತೆಗೆಯುವ ಆಸೆ ಎಲ್ಲರಿಗೂ ಆಗುತ್ತದೆ. ಹಾಗೆ ಮಾಡಿದರೆ ರಿಜಿಸ್ಟರನ್ನು ನೀವೇ ತಿದ್ದಿದಿರಿ ಎಂಬ ಪ್ರತ್ಯಾರೋಪಕ್ಕೆ ದಾರಿ ಮಾಡಿಕೊಟ್ಟಂತಾಗುತ್ತದೆ. ಅದರ ಪ್ರತಿಯನ್ನು ನ್ಯಾಯವಾಗಿ ಪಡೆಯುವ ಬಗೆ ಮುಂದಿದೆ.

ನಮ್ಮ ಉದಾಹರಣೆಯ ವಿದ್ಯಾರ್ಥಿನಿಯ ಬಳಿ ಸೆಪ್ಟೆಂಬರ್ 12ರ ಪಟ್ಟಿಯ ಫೋಟೋ ಇದೆ. ಅದರ ಪ್ರಕಾರ ಆ ವಿಷಯದಲ್ಲಿ ನಡೆದ ತರಗತಿ 36, ಆಕೆಯ ಹಾಜರಿ 30, ಅಂದರೆ ಶೇಕಡಾ 83.3. ಮೊದಲ ಕಿರುಪರೀಕ್ಷೆಯಲ್ಲಿ 20ಕ್ಕೆ 17 ಬಂದ ಉತ್ತರಪತ್ರಿಕೆಯೂ ಇದೆ.

## ಹಂತ 4: ಆಡಿದ ಮಾತನ್ನು ಆಡಿದಂತೆಯೇ ಬರೆಯುವುದು

ಅಂದೇ ರಾತ್ರಿ ಮಲಗುವ ಮೊದಲು ನೋಟ್‌ಬುಕ್ಕಿನಲ್ಲಿ ನಮೂದು ಆಗಬೇಕು. ವಾರದ ನಂತರ ಬರೆದದ್ದನ್ನು ಅಂದಿನ ದಿನಾಂಕ ಹಾಕಿ ಬರೆಯುವುದು ಸುಳ್ಳು ದಾಖಲೆ, ಹಾಗೆ ಸಿಕ್ಕಿಬಿದ್ದರೆ ಉಳಿದ ಎಲ್ಲ ಪುಟಗಳ ಬೆಲೆಯೂ ಹೋಗುತ್ತದೆ. ತಡವಾಗಿದ್ದರೆ ‘ಇಂದು ಇಂಥ ದಿನ, ಹೋದ ಗುರುವಾರದ ಘಟನೆಯನ್ನು ನೆನಪಿನಿಂದ ಬರೆಯುತ್ತಿದ್ದೇನೆ’ ಎಂದು ನಿಚ್ಚಳವಾಗಿ ಬರೆಯಿರಿ.

ಉಪನ್ಯಾಸಕರ ಮಾತನ್ನು ಪುಸ್ತಕದ ಭಾಷೆಗೆ ತಿದ್ದಬಾರದು. ‘ನನ್ನ ಅಂಕಗಳನ್ನು ಕಡಿತಗೊಳಿಸುವುದಾಗಿ ಬೆದರಿಸಿದರು’ ಎಂಬುದು ನಿಮ್ಮ ತೀರ್ಮಾನ, ಅವರ ಮಾತಲ್ಲ. ನಮೂದು ಹೀಗಿರಲಿ:

> 18 ಸೆಪ್ಟೆಂಬರ್, ಗುರುವಾರ. ಸುಮಾರು 12.05. ಎರಡನೇ ಮಜಲಿ, ರೂಮ್ ನಂ. 14ರ ಹೊರಗೆ. ತಾಸು ಮುಗಿದು ಹೊರಗೆ ಬರುವಾಗ ಸರ್ ನನ್ನನ್ನು ನಿಲ್ಲಿಸಿ ಅಂದದ್ದು: ‘ಸಂಡೇ ಕ್ಲಾಸಿಗೆ ಬರಾಂಗಿಲ್ಲಂದ್ರ ಬ್ಯಾಡ ಬಿಡವಾ. ಆದ್ರ ಐಎ ಯಾರ ಕೈಯಾಗ ಐತಿ ನೆನಪಿಟ್ಕೋ. ಅಟೆಂಡೆನ್ಸೂ ನಾನ ಹಾಕಾಂವ.’ ನಾನು ಅಂದದ್ದು: ‘ಸರ್, ರವಿವಾರ ಬಸ್ ಕಡಿಮಿ ಅದಾವ್ರಿ, ಫೀಜೂ ಆಗೂದಿಲ್ರಿ.’ ಸರ್ ಏನೂ ಹೇಳದೆ ಹೋದರು. ಬಾಗಿಲ ಹತ್ತಿರ ನನ್ನ ವರ್ಗದ ಇಬ್ಬರು ಇದ್ದರು. ಮೂರನೆಯವಳು ದೂರದಲ್ಲಿದ್ದಳು, ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ.

ನಿಮ್ಮ ಮಾತೂ ಅದರಲ್ಲಿರಬೇಕು, ನೀವು ಎದುರಾಡಿದ್ದರೂ ಕೂಡ. ಅದನ್ನು ಮುಚ್ಚಿಟ್ಟು ವಿಚಾರಣೆಯಲ್ಲಿ ಇನ್ನೊಬ್ಬರ ಬಾಯಿಂದ ಹೊರಬಂದರೆ ನೀವು ಹೇಳಿದ ನಿಜವನ್ನೂ ಯಾರೂ ನಂಬುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆದದ್ದರಿಂದ ಈ ನಮೂದಿಗೆ ಬಲ ಬರುತ್ತದೆ.

ಬರೆದ ಪುಟದ ಫೋಟೋವನ್ನು ಅದೇ ರಾತ್ರಿ ನಿಮ್ಮ ಸ್ವಂತ ಇ-ಮೇಲ್‌ಗೆ ನೀವೇ ಕಳಿಸಿಕೊಳ್ಳಿ. ಅದರ ದಿನಾಂಕವನ್ನು ನೀವು ಹಾಕುವುದಿಲ್ಲ, ಮೇಲ್ ವ್ಯವಸ್ಥೆ ಹಾಕುತ್ತದೆ. ನೋಟ್‌ಬುಕ್ಕು ಆಮೇಲೆ ಸೃಷ್ಟಿಸಿದ್ದು ಎಂಬ ಆಕ್ಷೇಪಕ್ಕೆ ಖರ್ಚಿಲ್ಲದ ಉತ್ತರ ಇದು.

## ಹಂತ 5: ಸಾಕ್ಷಿ

ಕೇಳಿಸಿಕೊಂಡ ಸಹಪಾಠಿಗಳೂ ಅದೇ ಉಪನ್ಯಾಸಕರ ಕೈಯಿಂದಲೇ ಅಂಕ ಪಡೆಯಬೇಕಾದವರು. ಅವರನ್ನು ಸಹಿ ಹಾಕು ಎಂದು ಕಾರಿಡಾರಿನಲ್ಲಿ ಹಿಡಿದರೆ ಮರುದಿನದಿಂದ ಅವರು ನಿಮ್ಮ ಪಕ್ಕ ಕೂಡ್ರುವುದೂ ಇಲ್ಲ. ಸದ್ಯಕ್ಕೆ ಅವರಿಂದ ಬೇಕಾದದ್ದು ಸಣ್ಣದು. ‘ಇವತ್ತು ಸರ್ ಅಂದದ್ದು ನಿನಗ ಕೇಳಿಸ್ತೇನ?’ ಎಂದು ಸಂಜೆ ಒಂದು ಸಂದೇಶ ಕಳಿಸಿ. ‘ಹೂಂ, ಕೇಳಿಸ್ತು’ ಎಂಬ ಮರುಸಂದೇಶ ಬಂದರೆ ಆ ದಿನದ ಸಾಕ್ಷಿ ಉಳಿಯಿತು. ಅವರು ಏನು ಹೇಳಬೇಕೆಂದು ನೀವು ಹೇಳಿಕೊಡಬೇಡಿ, ಉತ್ತರ ಬಾರದಿದ್ದರೆ ಒತ್ತಾಯಿಸಬೇಡಿ. ದೂರಿನಲ್ಲಿ ಅವರ ಹೆಸರು ಬರೆಯುವ ಮೊದಲು ಅವರ ಒಪ್ಪಿಗೆ ಪಡೆಯಿರಿ. ಒಪ್ಪದಿದ್ದರೆ ‘ಇಬ್ಬರು ಸಹಪಾಠಿಗಳು ಹತ್ತಿರವಿದ್ದರು, ಸಮಿತಿ ಕರೆದರೆ ವಿವರ ತಿಳಿಸುತ್ತೇನೆ’ ಎಂದಷ್ಟೇ ಬರೆದರೂ ಸಾಕು.

## ಹಂತ 6: ವಾಟ್ಸ್ಆ್ಯಪ್ ಮತ್ತು ಧ್ವನಿಮುದ್ರಣ

ಬೆದರಿಕೆ ಸಂದೇಶದ ರೂಪದಲ್ಲಿ ಬಂದಿದ್ದರೆ ಕಳಿಸಿದವರು ಅದನ್ನು ಎರಡು ದಿನ ಕಳೆದ ಮೇಲೂ ಎಲ್ಲರ ಫೋನಿನಿಂದ ಅಳಿಸಬಲ್ಲರು. ಆದ್ದರಿಂದ ಮೊದಲು ಸ್ಕ್ರೀನ್‌ಶಾಟ್. ನಿಮ್ಮ ಫೋನಿನಲ್ಲಿ ‘ಅಕೌಂಟ್ಸ್ ಸರ್’ ಎಂದು ಉಳಿಸಿದ ಹೆಸರು ಯಾರದ್ದಾದರೂ ಆಗಬಹುದು, ಹಾಗಾಗಿ ಹೆಸರಿನ ಮೇಲೆ ಒತ್ತಿ ಮೊಬೈಲ್ ಸಂಖ್ಯೆ ಕಾಣುವ ಪರದೆಯದ್ದೂ ಒಂದು ಬೇಕು. ಹಿಂದಿನ ಮತ್ತು ಮುಂದಿನ ಸಂದೇಶಗಳೂ ಸೇರಿರಲಿ. ನಂತರ ಚಾಟ್‌ನ ಮೂರು ಚುಕ್ಕಿಯ ಮೆನುವಿನಲ್ಲಿ `More` ಒಳಗಿನ `Export chat` ಒತ್ತಿ ಇಡೀ ಸಂಭಾಷಣೆಯನ್ನು ನಿಮ್ಮ ಇ-ಮೇಲ್‌ಗೆ ಕಳಿಸಿಕೊಳ್ಳಿ. ಆ ಚಾಟ್‌ನಲ್ಲಿ `Disappearing messages` ಚಾಲೂ ಇದೆಯೇ ಎಂದೂ ನೋಡಿ.

ಸ್ಕ್ರೀನ್‌ಶಾಟ್ ಇದೆಯೆಂದು ಮೂಲ ಸಂದೇಶವನ್ನು ಅಳಿಸಬೇಡಿ, ಫೋನು ಮಾರಬೇಡಿ, ರೀಸೆಟ್ ಮಾಡಬೇಡಿ. ಪ್ರಕರಣ ಎಂದಾದರೂ ನ್ಯಾಯಾಲಯದ ತನಕ ಹೋದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಮೂಲ ಸಾಧನ ಕೈಯಲ್ಲಿದ್ದರೆ ಅದು ಸುಲಭ.

ಗುಟ್ಟಾಗಿ ಧ್ವನಿಮುದ್ರಣ ಮಾಡಬಹುದೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ನೀವೇ ಭಾಗಿಯಾದ ಮಾತುಕತೆಯ ಮುದ್ರಣ ಕೆಲವೊಮ್ಮೆ ನೆರವಾದೀತು. ಆದರೆ ಹೆಚ್ಚಿನ ಕಾಲೇಜುಗಳಲ್ಲಿ ತರಗತಿಯೊಳಗೆ ಫೋನು ನಿಷಿದ್ಧವಾದ್ದರಿಂದ ವಿಚಾರಣೆ ಬೆದರಿಕೆಯನ್ನು ಬಿಟ್ಟು ನಿಮ್ಮ ಫೋನಿನ ಕಡೆಗೆ ತಿರುಗುವ ಅಪಾಯವಿದೆ. ನನ್ನ ಅಭಿಪ್ರಾಯದಲ್ಲಿ ಅಂಕ-ಹಾಜರಿಯ ಪ್ರಕರಣಗಳಿಗೆ ಅದು ಬೇಕೇ ಆಗುವುದಿಲ್ಲ, ಅಂಕಿಗಳ ದಾಖಲೆ ಅದಕ್ಕಿಂತ ಗಟ್ಟಿ. ಹೇಗೂ ಮುದ್ರಣ ಇದ್ದರೆ ಅದನ್ನು ಕತ್ತರಿಸಬೇಡಿ, ಹೆಸರು ಬದಲಿಸಬೇಡಿ, ಸ್ಟೇಟಸ್ಸಿಗೆ ಹಾಕಬೇಡಿ. ಸ್ಟೇಟಸ್ಸಿಗೆ ಹಾಕಿದ ಕ್ಷಣದಿಂದ ಕಾಲೇಜಿನ ಹೆಸರು ಕೆಡಿಸಿದವರು ನೀವಾಗುತ್ತೀರಿ.

## ಹಂತ 7: ದಿನದಿನದ ಹಾಜರಿಯನ್ನು ಹೊರಗಿನ ದಾಖಲೆಗೆ ಕಟ್ಟುವುದು

ಬೆದರಿಕೆಯ ಮರುದಿನದಿಂದ ಸೆಮಿಸ್ಟರ್ ಮುಗಿಯುವವರೆಗೆ ಒಂದು ತರಗತಿಯನ್ನೂ ತಪ್ಪಿಸಬೇಡಿ. ತಪ್ಪಿಸುವುದು ಅನಿವಾರ್ಯವಾದರೆ ಅದನ್ನೂ ಕಾರಣ ಸಹಿತ ಬರೆಯಿರಿ. ಪ್ರತಿದಿನ ದಿನಾಂಕ, ತಾಸು, ಹೇಳಿದ ಪಾಠ, ಹಾಜರಿ ಕೂಗಿದರೋ ಇಲ್ಲವೋ, ನಿಮ್ಮ ಹೆಸರಿಗೆ ನೀವು ಉತ್ತರಿಸಿದಿರೋ ಎಂಬ ಒಂದೊಂದು ಸಾಲು ಸಾಕು. ಆ ದಿನದ ತರಗತಿಯ ನೋಟ್ಸಿನ ಮೇಲೂ ದಿನಾಂಕವಿರಲಿ.

ನಿಮ್ಮ ಸಾಲಿಗೆ ಹೊರಗಿನ ಬೆಂಬಲ ಬೇಕು, ಅದು ಅಂದುಕೊಂಡಷ್ಟು ಕಷ್ಟವಲ್ಲ. ಶಕ್ತಿ ಯೋಜನೆಯಲ್ಲಿ ಪ್ರಯಾಣಿಸುವ ವಿದ್ಯಾರ್ಥಿನಿಗೆ ವಾಯವ್ಯ ಸಾರಿಗೆಯ ಕಂಡಕ್ಟರು ಪ್ರತಿ ಸಲವೂ ಶೂನ್ಯ ದರದ ಟಿಕೆಟ್ ಕೊಡುತ್ತಾರೆ. ಬಸ್ಸಿನಿಂದ ಇಳಿದ ಕೂಡಲೇ ಎಸೆಯುವ ಆ ಚೀಟಿಯ ಮೇಲೆ ದಿನಾಂಕವೂ ವೇಳೆಯೂ ಅಚ್ಚಾಗಿರುತ್ತವೆ. ಆದರೆ ಅದು ಉಷ್ಣಮುದ್ರಣದ ಕಾಗದ, ಕೆಲವು ವಾರಗಳಲ್ಲೇ ಅಕ್ಷರ ಮಾಸಿ ಬಿಳಿ ಹಾಳೆಯಾಗಬಹುದು, ಆದ್ದರಿಂದ ಅಂದೇ ಫೋಟೋ ತೆಗೆಯಬೇಕು. ವಿದ್ಯಾರ್ಥಿ ಪಾಸಿನಲ್ಲಿ ಓಡಾಡುವ ಹುಡುಗರಿಗೆ ಈ ಅನುಕೂಲವಿಲ್ಲ, ಅವರು ಗ್ರಂಥಾಲಯದ ನೋಂದಣಿ ಪುಸ್ತಕದಲ್ಲಿ ದಿನಾಲೂ ಸಹಿ ಮಾಡುವ ರೂಢಿ ಇಟ್ಟುಕೊಳ್ಳಲಿ. ಟಿಕೆಟ್ಟಾಗಲಿ ಸಹಿಯಾಗಲಿ ನೀವು ಊರಿಗೆ, ಕಾಲೇಜಿಗೆ ಬಂದಿದ್ದಿರಿ ಎಂದು ಹೇಳುತ್ತದೆಯೇ ಹೊರತು ತರಗತಿಯಲ್ಲಿ ಕುಳಿತಿದ್ದಿರಿ ಎಂದಲ್ಲ.

ಆ ಕೊರತೆಯನ್ನು ತುಂಬುವುದು ಅದೇ ದಿನದ ಬೇರೆ ಉಪನ್ಯಾಸಕರ ಹಾಜರಿ. ಹತ್ತರಿಂದ ಹನ್ನೊಂದರ ತಾಸಿಗೂ ಹನ್ನೆರಡರಿಂದ ಒಂದರ ತಾಸಿಗೂ ನೀವು ಹಾಜರಿದ್ದು, ನಡುವಿನ ಒಂದು ತಾಸಿಗೆ ಮಾತ್ರ ಗೈರು ಎಂದಿದ್ದರೆ, ಹಾಗೂ ಅದು ಒಂದೇ ದಿನವಲ್ಲದೆ ಹಲವು ದಿನ ಹಾಗೆಯೇ ಇದ್ದರೆ, ಅದಕ್ಕೆ ವಿವರಣೆ ಕೊಡಬೇಕಾದವರು ನೀವಲ್ಲ.

## ಹಂತ 8: ವಿನಯದ ಒಂದು ಪತ್ರ

ದೂರಿಗಿಂತ ಮೊದಲು, ಹಾಜರಿಯ ಬಗ್ಗೆ ಮಾತ್ರ ಕೇಳುವ ಒಂದು ಇ-ಮೇಲ್ ಅಥವಾ ಅರ್ಜಿ ಹೋಗಬೇಕು. ಇದರಲ್ಲಿ ಬೆದರಿಕೆಯ ಪ್ರಸ್ತಾಪ ಬೇಡ.

> ಮಾನ್ಯರೇ, ತಮ್ಮ ವಿಷಯದಲ್ಲಿ ಸೆಪ್ಟೆಂಬರ್ 12ರ ಪಟ್ಟಿಯಂತೆ ನನ್ನ ಹಾಜರಿ 36ಕ್ಕೆ 30 ಇತ್ತು. ಅಂದಿನಿಂದ ಇಂದಿನವರೆಗೆ ನಡೆದ ತರಗತಿಗಳ ಸಂಖ್ಯೆ ಹಾಗೂ ನನ್ನ ಹಾಜರಿಯನ್ನು ದಯವಿಟ್ಟು ತಿಳಿಸಬೇಕಾಗಿ ವಿನಂತಿ. ನನ್ನ ಲೆಕ್ಕದಲ್ಲಿ ವ್ಯತ್ಯಾಸವಿದ್ದರೆ ಸರಿಪಡಿಸಿಕೊಳ್ಳುತ್ತೇನೆ.

ಉತ್ತರ ಬಂದರೆ ಅಂಕಿ ಅವರ ಕೈಯಿಂದಲೇ ಸಿಕ್ಕಿತು. ಬಾರದಿದ್ದರೆ, ಸೆಮಿಸ್ಟರ್ ಮುಗಿಯುವ ಮೊದಲೇ ನೀವು ಕೇಳಿದ್ದಿರಿ ಎಂಬುದು ದಾಖಲಾಯಿತು. ಎರಡೂ ನಿಮಗೆ ಬೇಕು. ವಾರ ಕಾದು ಇದೇ ಪತ್ರವನ್ನು ವಿಭಾಗದ ಮುಖ್ಯಸ್ಥರಿಗೆ ಪ್ರತಿ ಹಾಕಿ ಮತ್ತೊಮ್ಮೆ ಕಳಿಸಿ.

ಸರ್ಕಾರಿ ಅಥವಾ ಅನುದಾನಿತ ಕಾಲೇಜಾದರೆ ಮಾಹಿತಿ ಹಕ್ಕಿನ ದಾರಿಯೂ ಇದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಒಂದೇ ವಿಷಯವನ್ನು 150 ಶಬ್ದಗಳೊಳಗೆ ಕೇಳಬೇಕು, 30 ದಿನಗಳಲ್ಲಿ ಉತ್ತರ ಬರಬೇಕು. ‘ನನ್ನ ನೋಂದಣಿ ಸಂಖ್ಯೆಗೆ ಸಂಬಂಧಿಸಿದ ಹಾಜರಿ ಪುಟಗಳ ಪ್ರತಿ’ ಎಂದಷ್ಟೇ ಕೇಳಿ, ಇಡೀ ತರಗತಿಯದ್ದನ್ನು ಕೇಳಿದರೆ ಇತರರ ಖಾಸಗಿ ಮಾಹಿತಿ ಎಂದು ತಿರಸ್ಕರಿಸಲು ಎಡೆಯಾಗುತ್ತದೆ. ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷಾರ್ಥಿಗೆ ಇದೆ ಎಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲೇ ಹೇಳಿದೆ, ಕಿರುಪರೀಕ್ಷೆಯ ಪತ್ರಿಕೆ ಮರಳಿ ಕೊಡದಿದ್ದಾಗ ಆ ತೀರ್ಪನ್ನು ಉಲ್ಲೇಖಿಸಬಹುದು.

## ಹಂತ 9: ಲೆಕ್ಕ ಜೋಡಿಸುವುದು

ಉದಾಹರಣೆಗೆ ಮರಳೋಣ. ಅಕ್ಟೋಬರ್ ಕೊನೆಗೆ ಅಂಟಿಸಿದ ಅಂತಿಮ ಪಟ್ಟಿಯಲ್ಲಿ ಒಟ್ಟು ತರಗತಿ 52, ಆಕೆಯ ಹಾಜರಿ 37, ಶೇಕಡಾ 71.2. ಪರೀಕ್ಷೆಗೆ ಬೇಕಾದದ್ದು 39. ಎರಡು ತರಗತಿ ಕಡಿಮೆ.

ಸೆಪ್ಟೆಂಬರ್ 12ರ ನಂತರ ನಡೆದದ್ದು 16 ತರಗತಿ. ಆಕೆಯ ನೋಟ್‌ಬುಕ್ಕಿನ ಪ್ರಕಾರ ಅವುಗಳಲ್ಲಿ ಆಕೆ ಬಂದದ್ದು 14, ಜ್ವರದಿಂದ ತಪ್ಪಿದ್ದು 2. ಪಟ್ಟಿಯಲ್ಲಿ ಸೇರಿದ್ದು ಬರೀ 7. ಅಂದರೆ ವಿವಾದ ಇರುವುದು 52 ತರಗತಿಗಳ ಬಗ್ಗೆ ಅಲ್ಲ, 7 ತರಗತಿಗಳ ಬಗ್ಗೆ. ಆ 7 ಯಾವ ದಿನಗಳೆಂದು ತಿಳಿಯಲು ದಿನವಾರು ಪುಟದ ಪ್ರತಿ ಬೇಕು, ಹಿಂದಿನ ಹಂತದ ಪತ್ರ ಕೆಲಸಕ್ಕೆ ಬರುವುದು ಇಲ್ಲೇ. ದಿನಾಂಕಗಳು ಸಿಕ್ಕ ಮೇಲೆ ಒಂದು ಹಾಳೆಯಲ್ಲಿ ಪ್ರತಿ ದಿನಾಂಕದ ಎದುರು ಬಸ್ ಟಿಕೆಟ್, ಹಿಂದಿನ ಮತ್ತು ಮುಂದಿನ ತಾಸಿನ ಹಾಜರಿ, ಅಂದಿನ ನೋಟ್ಸಿನ ಪುಟಸಂಖ್ಯೆ ಎಂದು ಬರೆದುಕೊಳ್ಳಬೇಕು. ಏಳರಲ್ಲಿ ಐದಕ್ಕೆ ಆಧಾರ ಸಿಕ್ಕಿ ಎರಡಕ್ಕೆ ಸಿಗದಿದ್ದರೆ ಐದನ್ನೇ ಮುಂದಿಡಿ. ಐದು ಸೇರಿದರೆ 42 ಆಗುತ್ತದೆ, ಬೇಕಾದದ್ದು 39 ಮಾತ್ರ.

ಇಲ್ಲಿ ನಿಮ್ಮ ಮೇಲೆಯೇ ಒಮ್ಮೆ ಕಠಿಣರಾಗಿ. ಬೆದರಿಕೆಗೆ ಮೊದಲೇ ನಿಮ್ಮ ಹಾಜರಿ ಶೇಕಡಾ 60 ಇದ್ದರೆ ಕೊರತೆಗೆ ಬೆದರಿಕೆ ಕಾರಣವಲ್ಲ, ಅದನ್ನು ಕಾರಣವೆಂದು ಬರೆದರೆ ದೂರು ಮೊದಲ ಪುಟದಲ್ಲೇ ಬೀಳುತ್ತದೆ. ಅಂಥ ಸಂದರ್ಭದಲ್ಲಿ ಬೆದರಿಕೆಯ ಮಾತಿನ ಬಗ್ಗೆ ಮಾತ್ರ ದೂರು ಕೊಡಬಹುದು, ಹಾಜರಿ ಸರಿಪಡಿಸಿ ಎಂದು ಕೇಳಲಾಗುವುದಿಲ್ಲ.

## ಹಂತ 10: ದೂರು ಕೊಡುವುದು

ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿವಾರಣೆ ನಿಯಮಗಳಂತೆ ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ದೂರನ್ನು ‘ಅಧ್ಯಕ್ಷರು, ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ, ಪ್ರಾಚಾರ್ಯರ ಮುಖಾಂತರ’ ಎಂದೇ ಬರೆಯಿರಿ. ಪ್ರಾಚಾರ್ಯರಿಗೆ ಮಾತ್ರ ಬರೆದ ಅರ್ಜಿ ‘ಕರೆದು ಬುದ್ಧಿ ಹೇಳಿದ್ದೇನೆ’ ಎಂಬಲ್ಲಿಗೆ ಮುಗಿಯುವುದೇ ಹೆಚ್ಚು.

ದೂರು ಎರಡು ಪುಟ ಮೀರಬಾರದು. ಮೊದಲ ಪರಿಚ್ಛೇದದಲ್ಲಿ ನೀವು ಯಾರು ಮತ್ತು ಯಾವ ವಿಷಯ, ಎರಡನೆಯದರಲ್ಲಿ ಬೆದರಿಕೆಯ ದಿನ ಆಡಿದ ಮಾತು ಆಡಿದಂತೆಯೇ, ಮೂರನೆಯದರಲ್ಲಿ ಮೊದಲಿನ ಮತ್ತು ನಂತರದ ಅಂಕಿ, ಕೊನೆಯದರಲ್ಲಿ ಬೇಡಿಕೆ. ಬೇಡಿಕೆ ಖಚಿತವಾಗಿರಬೇಕು: ಇಂತಿಷ್ಟು ದಿನಾಂಕಗಳ ಹಾಜರಿಯನ್ನು ಮರುಪರಿಶೀಲಿಸಿ, ಎರಡನೆಯ ಕಿರುಪರೀಕ್ಷೆಯ ಪತ್ರಿಕೆಯನ್ನು ಬೇರೊಬ್ಬ ಅಧ್ಯಾಪಕರಿಂದ ಮೌಲ್ಯಮಾಪನ ಮಾಡಿಸಿ, ಸಮಿತಿ ತೀರ್ಮಾನಿಸುವವರೆಗೆ ನನ್ನ ಐಎ ಅಂಕಗಳನ್ನು ಅಂತಿಮಗೊಳಿಸಬೇಡಿ. ಉಪನ್ಯಾಸಕರ ಸ್ವಭಾವ, ಜಾತಿ, ಮನೆಯ ಸಂಗತಿ, ಇತರರಿಂದ ಕೇಳಿದ ಕಥೆ ಯಾವುದೂ ಬೇಡ. ದೂರು ಸುಳ್ಳೆಂದು ಕಂಡರೆ ದೂರುದಾರರ ಮೇಲೂ ಕ್ರಮಕ್ಕೆ ಶಿಫಾರಸು ಮಾಡುವ ಅವಕಾಶ ಅದೇ ನಿಯಮಗಳಲ್ಲಿದೆ.

ಮೂಲ ದಾಖಲೆಗಳನ್ನು ಯಾರ ಕೈಗೂ ಕೊಡಬೇಡಿ, ಝೆರಾಕ್ಸ್ ಪ್ರತಿಗಳನ್ನು ಲಗತ್ತಿಸಿ. ದೂರಿನ ಎರಡು ಪ್ರತಿ ಒಯ್ದು, ಒಂದನ್ನು ಕಚೇರಿಯ ಆವಕ ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಶಿಕ್ಕಾ, ದಿನಾಂಕ ಮತ್ತು ಆವಕ ಸಂಖ್ಯೆ ಹಾಕಿಸಿಕೊಳ್ಳಿ. ‘ಸಾಹೇಬ್ರು ಬರ್ಲಿ, ಆಮ್ಯಾಲ ಶಿಕ್ಕಾ ಹಾಕ್ತೀವಿ’ ಎಂದು ಕ್ಲರ್ಕ್ ಪ್ರತಿ ಇಟ್ಟುಕೊಂಡರೆ ವಾದ ಮಾಡಬೇಡಿ. ಹೊರಗೆ ಬಂದು ಅದೇ ದೂರನ್ನು ಕಾಲೇಜಿನ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನೂ ತಲುಪಿದ ವಿವರದ ಮುದ್ರಿತ ಪ್ರತಿಯನ್ನೂ ಇಟ್ಟುಕೊಳ್ಳಿ.

ಸಮಿತಿಯು ದೂರು ತಲುಪಿದ 15 ಕೆಲಸದ ದಿನಗಳೊಳಗೆ ಶಿಫಾರಸು ಸಹಿತ ವರದಿ ಕೊಡಬೇಕು, ಅದರ ಪ್ರತಿ ನಿಮಗೂ ಬರಬೇಕು. ವಿಚಾರಣೆಗೆ ನೀವೇ ಹೋಗಬಹುದು, ಪ್ರತಿನಿಧಿಯನ್ನೂ ಕಳಿಸಬಹುದು. ತೀರ್ಮಾನ ಒಪ್ಪಿಗೆಯಾಗದಿದ್ದರೆ ಅದು ಕೈಸೇರಿದ 15 ದಿನಗಳೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್ ಅವರಿಗೆ ಮೇಲ್ಮನವಿ ಸಲ್ಲಿಸಬೇಕು, ಅವರು 30 ದಿನಗಳಲ್ಲಿ ಇತ್ಯರ್ಥಪಡಿಸಬೇಕು. ಮೇಲ್ಮನವಿಯಲ್ಲಿ ಬರೀ ‘ಅಂಕ ಕಡಿಮೆ ಬಂದಿದೆ, ಮತ್ತೊಮ್ಮೆ ನೋಡಿ’ ಎಂದರೆ ಅದು ನಿಲ್ಲುವುದಿಲ್ಲ, ಫಲಿತಾಂಶವನ್ನು ಬದಲಿಸಿದ ನಿರ್ದಿಷ್ಟ ಅಕ್ರಮ ಅಥವಾ ತಾರತಮ್ಯವನ್ನು ತೋರಿಸಬೇಕಾಗುತ್ತದೆ.

ಪರೀಕ್ಷೆ ಎದುರಿಗಿದ್ದಾಗ ಈ ದಿನಗಳ ಲೆಕ್ಕವೇ ಮುಖ್ಯವಾಗುತ್ತದೆ. ಅಂತಿಮ ಪಟ್ಟಿಗಾಗಿ ಕಾಯದೆ, ನಿಮ್ಮ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ಮೂರು-ನಾಲ್ಕು ತರಗತಿಗಳ ಅಂತರ ಕಂಡ ಕೂಡಲೇ ದೂರು ಕೊಡುವುದು ಲೇಸು. ಐಎ ಅಂಕಗಳು UUCMSನಲ್ಲಿ ಅನುಮೋದನೆಯಾಗಿ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಅವನ್ನು ತಿದ್ದಿಸುವುದು ಬಹಳ ಕಷ್ಟ.

## ಬೇರೆ ದಾರಿ ಹಿಡಿಯಬೇಕಾದ ಪ್ರಕರಣಗಳು

ಮೇಲಿನ ಹಂತಗಳನ್ನು ಬಿಟ್ಟು ನೇರವಾಗಿ ಬೇರೆಡೆಗೆ ಹೋಗಬೇಕಾದ ಸಂದರ್ಭಗಳಿವೆ. ಒಬ್ಬಳೇ ಬಾ, ರಾತ್ರಿ ಫೋನ್ ಮಾಡು, ಫೋಟೋ ಕಳಿಸು, ಇಲ್ಲವಾದರೆ ಐಎ ನೋಡಿಕೋ ಎಂಬ ಧಾಟಿಯ ಮಾತು ಲೈಂಗಿಕ ಕಿರುಕುಳ. ಅದನ್ನು ಕುಂದುಕೊರತೆ ಸಮಿತಿಗೆ ಅಲ್ಲ, ಕಾಲೇಜಿನ ಆಂತರಿಕ ದೂರು ಸಮಿತಿಗೆ ಮೂರು ತಿಂಗಳೊಳಗೆ ಲಿಖಿತವಾಗಿ ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳ ಅವಧಿ ಕೊಡಬಹುದು. ಇಂಥ ಪ್ರಕರಣದಲ್ಲಿ ಹಾಜರಿಯ ಲೆಕ್ಕ ಕೂಡುವವರೆಗೆ ಕಾಯಬಾರದು. ಪಿಯು ವಿದ್ಯಾರ್ಥಿಯಾಗಿದ್ದು ಹದಿನೆಂಟು ತುಂಬದಿದ್ದರೆ ಅದು ಪೋಕ್ಸೊ ವ್ಯಾಪ್ತಿಗೆ ಬರುತ್ತದೆ. ಮನೆಯವರಿಗೆ ತಿಳಿಸಿ ಪೊಲೀಸರ ಬಳಿ ಹೋಗಬೇಕು, ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು.

ಸರ್ಕಾರಿ ಕಾಲೇಜಿನಲ್ಲೋ ವಿಶ್ವವಿದ್ಯಾಲಯದಲ್ಲೋ ಅಂಕಕ್ಕೆ ನೇರವಾಗಿ ಹಣ ಕೇಳಿದರೆ ಅದು ಲಂಚ, ಲೋಕಾಯುಕ್ತ ಪೊಲೀಸರಿಗೆ ಹೋಗಬೇಕಾದ ಸಂಗತಿ. ಹೆದರಿ ಈಗಾಗಲೇ ಕೊಟ್ಟಿದ್ದರೆ, ಒತ್ತಾಯಕ್ಕೆ ಕೊಟ್ಟವರು ಏಳು ದಿನಗಳೊಳಗೆ ತಿಳಿಸಿದರೆ ಅವರ ಮೇಲೆ ಅಪರಾಧ ಬರುವುದಿಲ್ಲ ಎಂದು ಭ್ರಷ್ಟಾಚಾರ ತಡೆ ಕಾಯ್ದೆ ಹೇಳುತ್ತದೆ. ಎಂಟನೆಯ ದಿನ ಈ ರಕ್ಷಣೆ ಇರುವುದಿಲ್ಲ.

## ದೂರು ಕೊಟ್ಟ ಮೇಲೆ ಗಮನಿಸಬೇಕಾದದ್ದು

‘ಒಂದು ಕ್ಷಮಾಪಣೆ ಬರೆದುಕೊಡು, ಎಲ್ಲ ಸರಿ ಮಾಡೋಣ’ ಎಂಬ ಸಲಹೆ ಬಹುತೇಕ ಬಂದೇ ಬರುತ್ತದೆ, ಅದೂ ನಿಮ್ಮ ಮೇಲೆ ಅಕ್ಕರೆಯಿರುವ ಹಿರಿಯ ಅಧ್ಯಾಪಕರ ಬಾಯಿಂದಲೇ. ದಿನಾಂಕವಿಲ್ಲದ ಹಾಳೆಗೆ, ಖಾಲಿ ಹಾಳೆಗೆ, ‘ತಪ್ಪು ತಿಳಿವಳಿಕೆಯಿಂದ ದೂರು ಕೊಟ್ಟಿದ್ದೆ’ ಎಂದು ಬರೆದ ಹಾಳೆಗೆ ಸಹಿ ಮಾಡಬೇಡಿ. ರಾಜಿಯಾಗುವುದಿದ್ದರೆ ಮೊದಲು ತಿದ್ದಿದ ಹಾಜರಿ ಪಟ್ಟಿ ಫಲಕದ ಮೇಲೆ ಬರಲಿ, ಅದರ ಫೋಟೋ ನಿಮ್ಮ ಕೈಸೇರಲಿ, ನಂತರ ‘ನನ್ನ ಬೇಡಿಕೆ ಈಡೇರಿದೆ’ ಎಂದು ಬರೆದುಕೊಡಿ. ಹೀಗೆ ಬರೆದರೆ ನೀವು ದೂರನ್ನು ಸುಳ್ಳೆಂದು ಒಪ್ಪಿದಂತಾಗುವುದಿಲ್ಲ.

ಇದ್ದಕ್ಕಿದ್ದಂತೆ ಮನೆಗೆ ಫೋನು ಹೋಗಿ ‘ನಿಮ್ಮ ಮಗಳು ಕ್ಲಾಸಿಗೆ ಬರೂದಿಲ್ಲ’ ಎಂದು ಹೇಳುವುದು, ಎರಡನೆಯ ಕಿರುಪರೀಕ್ಷೆಯ ಪತ್ರಿಕೆ ನಿಮಗೊಬ್ಬರಿಗೇ ಮರಳಿ ಬಾರದಿರುವುದು, ಇನ್ನೊಂದು ವಿಷಯದಲ್ಲೂ ಹಾಜರಿ ಕುಸಿಯತೊಡಗುವುದು ಪ್ರತೀಕಾರದ ಲಕ್ಷಣಗಳು. ಪ್ರತಿಯೊಂದನ್ನೂ ಅದೇ ನೋಟ್‌ಬುಕ್ಕಿನಲ್ಲಿ ಹೊಸ ನಮೂದಾಗಿ ಬರೆದು, ಮೊದಲ ದೂರಿನ ಆವಕ ಸಂಖ್ಯೆಯನ್ನು ಉಲ್ಲೇಖಿಸಿ ಪೂರಕ ಪತ್ರ ಕೊಡಿ. ಮನೆಯವರಿಗೆ ಆ ಫೋನು ಬರುವ ಮೊದಲೇ ಅವರನ್ನು ಕೂಡ್ರಿಸಿ ನೋಟ್‌ಬುಕ್ಕನ್ನೂ ಬಸ್ ಟಿಕೆಟ್ಟುಗಳ ಫೋಟೋಗಳನ್ನೂ ತೋರಿಸಿರಬೇಕು, ಇಲ್ಲವಾದರೆ ಅಪ್ಪ-ಅವ್ವ ಕಾಲೇಜಿನ ಮಾತನ್ನೇ ನಂಬಿ ದೂರು ವಾಪಸ್ ತೆಗೆದುಕೊಳ್ಳಲು ಹೇಳುವ ಸಂಭವವೇ ಹೆಚ್ಚು.

ನೋಟ್‌ಬುಕ್ಕು, ಶಿಕ್ಕಾ ಬಿದ್ದ ಪ್ರತಿ ಮತ್ತು ಫೋನಿನ ಮೂಲ ಕಡತಗಳನ್ನು ಆ ಸೆಮಿಸ್ಟರಿನ ಅಂಕಪಟ್ಟಿ ಬರುವವರೆಗೆ ಅಲ್ಲ, ಕೊನೆಯ ಸೆಮಿಸ್ಟರ್ ಮುಗಿದು ವರ್ಗಾವಣೆ ಪತ್ರ ಕೈಗೆ ಬರುವವರೆಗೆ ಇಟ್ಟುಕೊಳ್ಳಿ. ಅದೇ ಉಪನ್ಯಾಸಕರು ಮುಂದಿನ ವರ್ಷ ಬೇರೊಂದು ವಿಷಯಕ್ಕೆ ಬರುವುದು ಸಣ್ಣ ಕಾಲೇಜುಗಳಲ್ಲಿ ಸಾಮಾನ್ಯ.